ಆರು ಮಾತ್ರೆಯ ತೊಟ್ಟಿಲ ಹಾಡು

ಚೈತ್ರದಲ್ಲಿ ಮಹಾವೀರ ಜಯಂತಿ ಬರುತ್ತದೆ, ವೈಶಾಖದಲ್ಲಿ ಬಸವ ಜಯಂತಿ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಹಳ್ಳಿಗಳಲ್ಲಿ ಎರಡಕ್ಕೂ ತೊಟ್ಟಿಲು ಕಟ್ಟುತ್ತಾರೆ. ಜೈನರ ಬಸದಿಯಲ್ಲಿ ತೀರ್ಥಂಕರನನ್ನು ತೂಗುವ ಹಾಡು, ಲಿಂಗಾಯತರ ಓಣಿಯಲ್ಲಿ ಬಾಲ ಬಸವಣ್ಣನನ್ನು ತೂಗುವ ಹಾಡು. ಗಡಿಯ ಸೀಮೆಯಾದ್ದರಿಂದ ಮರಾಠಿಯ ಪಾಳಣಾ ಕೂಡ ಕಿವಿಗೆ ಬೀಳುತ್ತಿರುತ್ತದೆ. ಹಳೆಯ ಹಾಡುಗಳು ಹೆಂಗಸರ ಬಾಯಲ್ಲಿವೆ. ಅದರ ಜೊತೆಗೆ ಪ್ರತಿ ವರ್ಷ ಯಾರಾದರೂ ಒಬ್ಬರು ಹೊಸದೊಂದು ಹಾಡು ಬರೆಯುತ್ತಾರೆ: ಶಾಲೆಯ ಮಾಸ್ತರರೋ, ಮಹಿಳಾ ಮಂಡಳದ ಅಕ್ಕನೋ, ಭಜನಾ ಸಂಘದ ಹುಡುಗನೋ. ಬರೆದದ್ದನ್ನು ಪೇಟಿಯವರ ಮುಂದೆ ಇಡುತ್ತಾರೆ, ಪೇಟಿಯವರು ತಬಲಾದವರತ್ತ ನೋಡುತ್ತಾರೆ. ಅಲ್ಲಿಂದ ತೊಡಕು ಶುರು. ಅಕ್ಷರ ಎಣಿಸಿದರೆ ಸರಿಯಾಗಿಯೇ ಇರುತ್ತದೆ, ಪ್ರಾಸವೂ ಇರುತ್ತದೆ, ಆದರೆ ಹಾಡು ತೂಗುವುದಿಲ್ಲ.

ಇದು ಭಾವದ ಕೊರತೆಯಲ್ಲ, ಲೆಕ್ಕದ ಕೊರತೆ. ಆರು ಮಾತ್ರೆಯನ್ನು ಎರಡು ರೀತಿಯಲ್ಲಿ ಒಡೆಯಬಹುದು. ಮೂರು ಮಾತ್ರೆಯ ಎರಡು ಗುಂಪು ಮಾಡಿದರೆ ಹಾಡು ತೂಗುತ್ತದೆ. ಎರಡು ಮಾತ್ರೆಯ ಮೂರು ಗುಂಪು ಮಾಡಿದರೆ ಅದು ಬರೀ ಮೂರರ ನಡೆಯಾಗುತ್ತದೆ. ಕೀಬೋರ್ಡಿನವರು ಮೊದಲನೆಯದನ್ನು ಸಿಕ್ಸ್-ಎಯ್ಟ್ ಎನ್ನುತ್ತಾರೆ, ಎರಡನೆಯದನ್ನು ತ್ರೀ-ಫೋರ್ ಅಥವಾ ವಾಲ್ಟ್ಜ್ ಎನ್ನುತ್ತಾರೆ. ಒಟ್ಟು ಕಾಲ ಒಂದೇ, ಮಾತ್ರೆಗಳ ಸಂಖ್ಯೆಯೂ ಒಂದೇ. ತೂಕ ಎಲ್ಲಿ ಬೀಳುತ್ತದೆ ಎಂಬುದಷ್ಟೇ ಬೇರೆ.

ಕನ್ನಡದಲ್ಲಿ ಇದನ್ನು ಕಾಣುವುದು ಸುಲಭ, ಏಕೆಂದರೆ ನಮ್ಮ ಲಘು-ಗುರು ಲೆಕ್ಕವೇ ಮಾತ್ರೆಯ ಲೆಕ್ಕ. ಲಘುವಿಗೆ ಒಂದು, ಗುರುವಿಗೆ ಎರಡು. ಈಗ ಈ ಎರಡು ತುಣುಕುಗಳನ್ನು ಬಾಯಿ ಬಿಟ್ಟು ಓದಿ ನೋಡಿ:

ಹೊಳೆಯ ದಡದ
ಹೊಳೆ ಬದಿ ಮನಿ

ಎರಡರಲ್ಲೂ ಆರಾರು ಅಕ್ಷರ, ಎಲ್ಲವೂ ಲಘು. ಕಾಗದದ ಮೇಲೆ ಗುರುತು ಹಾಕಿದರೆ ಎರಡೂ ಒಂದೇ. ಆದರೆ ಮೊದಲನೆಯದು ‘ಹೊಳೆಯ’ ಎಂದು ಮೂರಕ್ಕೆ ನಿಂತು ‘ದಡದ’ ಎಂದು ಮತ್ತೆ ಏಳುತ್ತದೆ. ಎರಡನೆಯದು ‘ಹೊಳೆ’, ‘ಬದಿ’, ‘ಮನಿ’ ಎಂದು ಮೂರು ಸಲ ಹೆಜ್ಜೆ ಹಾಕುತ್ತದೆ. ಮಾತಾಡುವಾಗ ಕನ್ನಡದ ಪದಕ್ಕೆ ಮೊದಲ ಅಕ್ಷರದ ಮೇಲೆ ಸಣ್ಣದೊಂದು ಒತ್ತು ತಾನಾಗಿ ಬೀಳುತ್ತದೆ. ಹಾಗಾಗಿ ಪದ ಎಲ್ಲಿ ಶುರುವಾಗುತ್ತದೆಯೋ ಅಲ್ಲಿ ತಾಳದ ತೂಕವನ್ನು ಕಿವಿ ಹುಡುಕುತ್ತದೆ. ಮೊದಲ ತುಣುಕಿನಲ್ಲಿ ಆ ತೂಕ ಒಂದನೆಯ ಮತ್ತು ನಾಲ್ಕನೆಯ ಮಾತ್ರೆಯ ಮೇಲೆ ಇದೆ. ಎರಡನೆಯದರಲ್ಲಿ ಒಂದು, ಮೂರು, ಐದರ ಮೇಲೆ.

ಮೀರಜ್ ಹತ್ತಿರದ ಊರು. ತಂಬೂರಿ, ಸಿತಾರ ಅಲ್ಲಿಂದಲೇ ಬರುವ, ಅಬ್ದುಲ್ ಕರೀಂ ಖಾನರ ಹೆಸರು ಇಂದಿಗೂ ಓಡಾಡುವ ಸೀಮೆ ಇದು. ಆದ್ದರಿಂದ ಇಲ್ಲಿ ಆರು ಮಾತ್ರೆ ಎಂದೊಡನೆ ತಬಲಾದವರ ಕೈ ದಾದರಾಕ್ಕೆ ಹೋಗುತ್ತದೆ: ಧಾ ಧೀ ನಾ, ಧಾ ತೂ ನಾ. ಒಂದರ ಮೇಲೊಂದು ಧಾ, ನಾಲ್ಕರ ಮೇಲೊಂದು ಧಾ. ಧಾ ಎಂದರೆ ಡಗ್ಗಾ ಕೂಡ ಮಾತಾಡಿದ ಹಾಗೆ, ಭಾರವಾದ ಪೆಟ್ಟು. ಶಾಸ್ತ್ರದಲ್ಲಿ ಒಂದರ ಮೇಲೆ ತಾಲಿ, ನಾಲ್ಕರ ಮೇಲೆ ಖಾಲಿ. ಚಪ್ಪಾಳೆ ಹಾಕಿ ಕೈ ಬೀಸಿ ಎಣಿಸುತ್ತಾರೆ. ಇದು ಹುಟ್ಟಿನಿಂದಲೇ ಮೂರು-ಮೂರರ ತಾಳ. ಅದರ ಮೇಲೆ ‘ಹೊಳೆ ಬದಿ ಮನಿ’ ಹಾಡಿದರೆ ‘ಬದಿ’ಯ ‘ದಿ’ ಮೇಲೆ ಎರಡನೆಯ ಧಾ ಬೀಳುತ್ತದೆ. ಪದದ ಬಾಲಕ್ಕೆ ಪೆಟ್ಟು, ತಲೆಗೆ ಏನೂ ಇಲ್ಲ. ಕೇಳುವವರಿಗೆ ಎಲ್ಲೋ ಕಾಲು ತೊಡರಿದಂತೆ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ದಕ್ಷಿಣದ ಕಡೆ ಹೋದರೆ ರೂಪಕ ತಾಳವಿದೆ. ಕಛೇರಿಗಳಲ್ಲಿ ಅದನ್ನು ಸಾಮಾನ್ಯವಾಗಿ ಎರಡು ಚಪ್ಪಾಳೆ, ಒಂದು ಬೀಸು ಎಂದು ಮೂರು ಎಣಿಕೆಯಲ್ಲಿ ಹಾಕುತ್ತಾರೆ. ಒಂದೊಂದು ಎಣಿಕೆಯೂ ಎರಡಕ್ಕೋ ನಾಲ್ಕಕ್ಕೋ ಒಡೆಯುತ್ತದೆ, ಮೂರಕ್ಕಲ್ಲ. ಬರೀ ಮೂರರ ನಡೆ ಎಂದರೆ ಏನೆಂದು ತಿಳಿಯಲು ಅದೇ ಒಳ್ಳೆಯ ಮಾದರಿ. ‘ಹೊಳೆ ಬದಿ ಮನಿ’ಗೆ ಅಲ್ಲಿ ಒಳ್ಳೆಯ ಮನೆ ಸಿಗುತ್ತದೆ.

ತೊಟ್ಟಿಲಿಗೆ ಮೂರು-ಮೂರೇ ಏಕೆ ಬೇಕು? ತೊಟ್ಟಿಲು ಹೋಗುತ್ತದೆ, ಬರುತ್ತದೆ. ಅದಕ್ಕೆ ಎರಡೇ ತುದಿ. ಹಗ್ಗ ಹಿಡಿದ ಅಕ್ಕ ಎಳೆಯುವ ಗಳಿಗೆಯನ್ನು ಒಂದನೆಯ ಮಾತ್ರೆ ಎಂದುಕೊಂಡರೆ, ತೊಟ್ಟಿಲು ಆಚೆ ತುದಿ ಮುಟ್ಟುವಾಗ ನಾಲ್ಕನೆಯ ಮಾತ್ರೆ ಬರುತ್ತದೆ. ಮತ್ತೆ ಕೈಗೆ ಬರುವಾಗ ಮುಂದಿನ ಆವರ್ತದ ಒಂದು. ಪದದ ತೂಕ ಎರಡು ತುದಿಗೂ ಬೀಳುತ್ತದೆ, ಕೈಗೂ ಬಾಯಿಗೂ ಜಗಳವಿಲ್ಲ. ಅದೇ ವೇಗದಲ್ಲಿ ಎರಡು-ಎರಡು-ಎರಡರ ಸಾಲು ಹಾಡಿದರೆ, ತೊಟ್ಟಿಲು ಆಚೆ ತುದಿಯಲ್ಲಿರುವಾಗ ಬಾಯಿ ಒಂದು ಪದದ ನಟ್ಟನಡುವೆ ಇರುತ್ತದೆ. ನಿಧಾನ ಮಾಡಿ, ತೊಟ್ಟಿಲು ಒಂದು ಬದಿಗೆ ಹೋಗುವಷ್ಟು ಹೊತ್ತಿಗೆ ಒಂದು ಎಣಿಕೆ ಎಂದು ಇಟ್ಟುಕೊಂಡರೂ ಕೂಡುವುದಿಲ್ಲ. ಮೊದಲ ಆವರ್ತದ ತಲೆ ಈಚೆ ತುದಿಗೆ ಬಂದರೆ ಎರಡನೆಯದರ ತಲೆ ಆಚೆ ತುದಿಗೆ ಹೋಗುತ್ತದೆ. ಬೆಸಕ್ಕೂ ಸಮಕ್ಕೂ ಇರುವ ತಕರಾರು ಅದು, ಹಾಡುಗಾರ್ತಿಯ ತಪ್ಪಲ್ಲ.

ವೇಗವನ್ನೂ ತೊಟ್ಟಿಲೇ ಹೇಳಿಕೊಡುತ್ತದೆ. ತೂಗುವ ವಸ್ತುವಿನ ಒಂದು ಸುತ್ತಿನ ಹೊತ್ತು ಹಗ್ಗದ ಉದ್ದದ ಮೇಲೆ ನಿಂತಿದೆ, ಒಳಗಿರುವ ಕೂಸಿನ ಭಾರದ ಮೇಲೆ ಅಲ್ಲ. ಜಂತಿಯಿಂದ ಸುಮಾರು 2 ಮೀಟರ್ ಇಳಿಬಿಟ್ಟ ಜೋಳಿಗೆಗೆ ಹೋಗಿ ಬರಲು 2.8 ಸೆಕೆಂಡು ಬೇಕು. ಉತ್ಸವಕ್ಕೆ ಕಟ್ಟುವ ಸಣ್ಣ ತೊಟ್ಟಿಲು 1 ಮೀಟರಿನಷ್ಟು ತೂಗಿದರೆ 2 ಸೆಕೆಂಡು ಸಾಕು. ಆ ಹೊತ್ತಿನಲ್ಲಿ ಆರು ಮಾತ್ರೆ ಮುಗಿಯಬೇಕು. ಅಂದರೆ ಸಣ್ಣ ತೊಟ್ಟಿಲಿಗೆ ಸೆಕೆಂಡಿಗೆ ಮೂರು ಮಾತ್ರೆ, ಮೆಟ್ರೊನೋಮಿನಲ್ಲಿ ಭಾರದ ಪೆಟ್ಟು 60. ಜಂತಿಯ ಜೋಳಿಗೆಗೆ ಅದೇ ಪೆಟ್ಟು 43ರ ಸುತ್ತ ಇರುತ್ತದೆ. ಉತ್ಸವದ ಹಾಡು ಮನೆಯ ಜೋಗುಳಕ್ಕಿಂತ ಚುರುಕಾಗಿರುವುದಕ್ಕೆ ಹಗ್ಗವೂ ಒಂದು ಕಾರಣ.

ಈಗ ಬರೆಯೋಣ. ಮಾದರಿಗೆಂದು ಕಟ್ಟಿದ ಎರಡು ಸಾಲು ಇವು, ಕವಿತೆ ಎಂದು ಯಾರೂ ಬೆನ್ನು ತಟ್ಟಬೇಕಿಲ್ಲ:

ತೂಗು ತಾಯಿ ಸಣ್ಣ ಜೋಲಿ ಹೊಳೆಯ ಗಾಳಿ ಬಂತು
ಕಬ್ಬು ಕೂಡ ತಲೆಯ ತೂಗಿ ನಿಂತು ನಿದ್ದಿ ಹೋತು

‘ತೂಗು’ ಗುರು-ಲಘು, ಮೂರು ಮಾತ್ರೆ. ‘ತಾಯಿ’ ಹಾಗೆಯೇ. ಅಲ್ಲಿಗೆ ಆರು. ‘ಸಣ್ಣ ಜೋಲಿ’ ಮತ್ತೆ ಆರು; ‘ಸಣ್ಣ’ದ ‘ಸ’ ಮುಂದಿನ ಒತ್ತಕ್ಷರದಿಂದಾಗಿ ಗುರುವಾಗುತ್ತದೆ. ‘ಹೊಳೆಯ ಗಾಳಿ’ ಎಂಬಲ್ಲಿ ಮೊದಲ ಗುಂಪು ಮೂರು ಲಘು, ಎರಡನೆಯದು ಗುರು-ಲಘು. ಕೊನೆಗೆ ‘ಬಂತು’ ಮೂರು ಮಾತ್ರೆ, ಮಿಕ್ಕ ಮೂರು ಖಾಲಿ. ಅಲ್ಲಿ ಹಾಡುವವರು ಉಸಿರು ತೆಗೆದುಕೊಳ್ಳುತ್ತಾರೆ, ಇಲ್ಲವೇ ಸುತ್ತ ನಿಂತವರು ‘ಜೋ’ ಎಂದು ಎಳೆಯುತ್ತಾರೆ.

ತೂಗಾಟ ಹುಟ್ಟುವುದು ಬರೀ ಮೂರು-ಮೂರರಿಂದ ಅಲ್ಲ, ಆ ಗುರು-ಲಘುವಿನಿಂದ. ಉದ್ದ, ಗಿಡ್ಡ, ಉದ್ದ, ಗಿಡ್ಡ. ಎರಡು ಮಾತ್ರೆ ಸ್ವರದ ಮೇಲೆ ನಿಂತು, ಮೂರನೆಯದರಲ್ಲಿ ಹಗುರವಾಗಿ ಮುಂದಿನ ಪೆಟ್ಟಿಗೆ ಜಾರುವುದು. ಆ ಗಿಡ್ಡ ಅಕ್ಷರ ಮುಂದಿನ ತೂಕದ ಕಡೆಗೆ ನೂಕುತ್ತದೆ. ಎಲ್ಲವೂ ಮೂರು ಲಘುವೇ ಆದರೆ ಹಾಡು ಓಡುತ್ತದೆ, ತೂಗುವುದಿಲ್ಲ. ಎಲ್ಲವೂ ಗುರು-ಲಘುವೇ ಆದರೆ ನಾಲ್ಕು ಸಾಲಿನಲ್ಲಿ ಬೇಸರ ಬರುತ್ತದೆ. ಅದಕ್ಕೇ ‘ಹೊಳೆಯ’, ‘ತಲೆಯ’ ಎಂಬಂಥವನ್ನು ಅಲ್ಲೊಂದು ಇಲ್ಲೊಂದು ಸೇರಿಸಿದ್ದು. ಲಘು-ಗುರುವಿನ ಗುಂಪನ್ನು ಮಾತ್ರ ನಾನು ಉಪ್ಪಿನಕಾಯಿಯಷ್ಟೇ ಬಳಸುತ್ತೇನೆ. ಅದು ಎರಡನೆಯ ಮಾತ್ರೆಗೆ ತೂಕ ಎಳೆದುಕೊಂಡು ತೊಟ್ಟಿಲನ್ನು ನಡುವೆ ಹಿಡಿದು ನಿಲ್ಲಿಸುತ್ತದೆ.

ಇನ್ನು ಊರಿನ ಹೆಸರು. ಹಾಡು ಬರೆದವರಿಗೆ ಊರ ಹೆಸರು ಹಾಕದೆ ಸಮಾಧಾನವಿಲ್ಲ, ಹಾಕಬೇಕಾದ್ದೇ. ಆದರೆ ಶಿರಗುಪ್ಪಿಯವರಿಗೆ ಇಲ್ಲಿ ಒಂದು ಪೇಚಾಟವಿದೆ. ‘ಶಿರಗುಪ್ಪಿಯ’ ಎಂಬುದನ್ನು ಎಣಿಸಿ: ಶಿ ಒಂದು, ರ ಒಂದು, ಗುಪ್ ಎರಡು, ಪಿ ಒಂದು, ಯ ಒಂದು. ಸರಿಯಾಗಿ ಆರು. ಬರೆದವರಿಗೆ ಖುಷಿ. ಆದರೆ ಆ ಗುರು ಕೂತಿರುವುದು ಮೂರನೆಯ ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ, ಎರಡು ಗುಂಪಿನ ಗಡಿಗೆ ಅಡ್ಡಲಾಗಿ. ದಾದರಾದ ಎರಡನೆಯ ಧಾ ಬೀಳುವ ಹೊತ್ತಿಗೆ ಅಲ್ಲಿ ಹೊಸ ಅಕ್ಷರವೇ ಇಲ್ಲ, ಹಿಂದಿನದರ ಬಾಲ ಇದೆ. ಮೂರಕ್ಕೆ ಒಡೆಯಲು ಹೋದರೆ ಹೆಸರೇ ಒಡೆಯುತ್ತದೆ. ಎರಡೆರಡು ಮಾಡಿ ನೋಡಿ: ಶಿರ, ಗುಪ್, ಪಿಯ. ಚೆಂದವಾಗಿ ಕೂಡುತ್ತದೆ. ಅಂದರೆ ಶಿರಗುಪ್ಪಿ ಎಂಬ ಹೆಸರು ತನ್ನಷ್ಟಕ್ಕೆ ಮೂರರ ನಡೆಯದು, ತೊಟ್ಟಿಲಿನದಲ್ಲ.

ಹಾಗೆಂದು ಹೆಸರು ಬಿಡಬೇಕಿಲ್ಲ. ಗುರುವನ್ನು ತೂಕದ ಮಾತ್ರೆಯ ಮೇಲೆ ತಂದು ಕೂರಿಸಬೇಕು, ಅಷ್ಟೇ. ‘ಶಿರ’ ಎಂಬ ಎರಡು ಲಘುಗಳನ್ನು ಹಿಂದಿನ ಆವರ್ತದ ಐದನೆಯ, ಆರನೆಯ ಮಾತ್ರೆಯಲ್ಲಿ ಎತ್ತಿಕೊಂಡರೆ ‘ಗುಪ್’ ನೇರವಾಗಿ ಸಮ್ ಮೇಲೆ ಬೀಳುತ್ತದೆ:

ಶಿರ- | ಗುಪ್ಪಿ ಊರ | ಹೊಳೆಯ ಗಾಳಿ

ಈಗ ‘ಗುಪ್ಪಿ’ ಗುರು-ಲಘು, ‘ಊರ’ ಗುರು-ಲಘು, ಮುಂದಿನದು ಮೊದಲಿನ ಹಾಗೆಯೇ. ತಾಳದ ತಲೆಗಿಂತ ಮುಂಚೆ ಹೀಗೆ ಎತ್ತಿಕೊಳ್ಳುವ ತುಣುಕಿಗೆ ಕನ್ನಡ ಛಂದಸ್ಸಿನವರು ಪದ್ಮಗಣ ಎನ್ನುತ್ತಾರೆ. ಹಿಂದಿನ ಸಾಲಿನ ಕೊನೆಯಲ್ಲಿ ಖಾಲಿ ಬಿಟ್ಟ ಮೂರು ಮಾತ್ರೆ ಇತ್ತಲ್ಲ, ಅದರಲ್ಲಿ ಎರಡನ್ನು ಇದು ತುಂಬುತ್ತದೆ. ಉಸಿರಿಗೆ ಒಂದು ಮಾತ್ರೆ ಉಳಿಯಿತು. ಸಣ್ಣ ತೊಟ್ಟಿಲಿನ ವೇಗದಲ್ಲಿ ಅದು ಸಾಲದು. ಆದ್ದರಿಂದ ಹಿಂದಿನ ಸಾಲಿನ ಕೊನೆಯ ಪದವನ್ನು ಹೆಚ್ಚು ಎಳೆಯದೆ ಬೇಗ ಬಿಡಬೇಕು.

ಮೂರು ಮಾತ್ರೆಯ ಗಣ ಕನ್ನಡಕ್ಕೆ ಹೊಸದೇನಲ್ಲ. ಉತ್ಸಾಹ ರಗಳೆ ಅದರಲ್ಲೇ ನಡೆಯುತ್ತದೆ, ಭೋಗ ಷಟ್ಪದಿಯ ಗಿಡ್ಡ ಸಾಲುಗಳಲ್ಲಿ ಮೂರರ ನಾಲ್ಕು ಗಣ ಇರುತ್ತವೆ. ಆದರೆ ಮೂರರ ಗಣಗಳನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ತೂಗಾಟ ಸಿದ್ಧಿಸುವುದಿಲ್ಲ. ಅವು ಜೋಡಿಯಾಗಬೇಕು. ಮೊದಲ ಮೂರು ಕೇಳಿದ್ದಕ್ಕೆ ಎರಡನೆಯ ಮೂರು ಉತ್ತರ ಕೊಟ್ಟ ಹಾಗೆ, ಮಾತು ಆರಕ್ಕೆ ನಿಲ್ಲಬೇಕು. ‘ತೂಗು ತಾಯಿ’ ಎಂಬಲ್ಲಿ ಅರ್ಥವೂ ಆರಕ್ಕೆ ಮುಗಿಯುತ್ತದೆ. ಯಾರಾದರೂ ‘ತೂಗು ತಾಯಿ ಜೋಲಿ’ ಎಂದು ಮೂರು ಗಣಕ್ಕೆ ಸಾಲು ಮುಗಿಸಿ, ತಕ್ಷಣ ಮುಂದಿನ ಸಾಲು ಎತ್ತಿದರೆ ತೊಟ್ಟಿಲು ಆಚೆ ತುದಿಯಲ್ಲಿರುವಾಗ ಹೊಸ ಸಾಲು ಶುರುವಾಗುತ್ತದೆ. ಹೊಸಬರ ಹಾಡುಗಳಲ್ಲಿ ಅತಿ ಹೆಚ್ಚು ಕಾಣುವ ಎಡವಟ್ಟು ಇದೇ. ಸಾಲಿನಲ್ಲಿ ಗಣಗಳ ಸಂಖ್ಯೆ ಬೆಸವಾಗಿದ್ದರೆ ಒಂದು ಗಣದಷ್ಟು ಜಾಗ ಖಾಲಿ ಬಿಡಿ, ಇಲ್ಲವೇ ಮೂರು ಮಾತ್ರೆಯ ‘ಜೋ’ ಸೇರಿಸಿ. ಹಳೆಯ ಜೋಗುಳಗಳಲ್ಲಿ ಅಷ್ಟೊಂದು ಜೋ ಜೋ ಇರುವುದು ಕೂಸಿನ ಮೇಲಿನ ಅಕ್ಕರೆಗೆ ಮಾತ್ರ ಎಂದು ನನಗೆ ಅನಿಸುವುದಿಲ್ಲ. ಅದು ಲೆಕ್ಕ ತುಂಬುವ ಉಪಾಯವೂ ಹೌದು.

ಇಲ್ಲಿ ಗೆರೆ ತೆಳುವಾಗುವ ಜಾಗವೂ ಇದೆ. ಮೂರರ ನಡೆಯನ್ನು ಬಹಳ ಚುರುಕಾಗಿ ಬಾರಿಸಿದರೆ ಮೂರು ಎಣಿಕೆ ಒಂದೇ ಪೆಟ್ಟಿನಂತೆ ಕೇಳುತ್ತದೆ, ಅಂಥ ಎರಡು ಆವರ್ತ ಜೋಡಿಯಾದರೆ ಕಿವಿಗೆ ಅದು ಸಿಕ್ಸ್-ಎಯ್ಟ್ ಆಗಿಬಿಡುತ್ತದೆ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಡಿಸಿಕೊಂಡ ಜೋಗುಳಗಳಲ್ಲೊಂದು, 1868ರಲ್ಲಿ ಬ್ರಾಮ್ಸ್ ಬರೆದದ್ದು, ಬರಹದಲ್ಲಿ ಮೂರರ ನಡೆಯಲ್ಲೇ ಇದೆ. ಇಗರ್ಜಿಗಳಲ್ಲಿ ಕ್ರಿಸ್‌ಮಸ್‌ಗೆ ಹಾಡುವ ‘ಸೈಲೆಂಟ್ ನೈಟ್’ 1818ರದು, ಅದು ಸಿಕ್ಸ್-ಎಯ್ಟ್. ಎರಡನ್ನೂ ಒಂದರ ಹಿಂದೊಂದು ಕೇಳಿ. ಎರಡನೆಯದರಲ್ಲಿ ಮೊದಲ ಪದಕ್ಕೇ ಉದ್ದ-ಗಿಡ್ಡದ ಆ ಓಲಾಟ ಸಿಗುತ್ತದೆ. ಬ್ರಾಮ್ಸ್ ಮೂರರಲ್ಲೂ ಮಲಗಿಸುತ್ತಾನೆ, ಅದು ಅವನ ಕೈಗುಣ. ಹಬ್ಬಕ್ಕೆ ಹಾಡು ಬರೆಯುವ ನಮಗೆ ಹಗ್ಗ ಎಳೆಯುವ ಕೈ ಒಪ್ಪಬೇಕು, ಅಲ್ಲಿ ಮೂರು-ಮೂರೇ ಕ್ಷೇಮ.

ಧಾಟಿ ಹಾಕುವಾಗಲೂ ಇದೇ ಮಾತು. ಭೂಪ್ ರಾಗದಲ್ಲಿ ಮೊದಲ ಸಾಲಿಗೆ ಹೀಗೆ ಹಾಕಬಹುದು: ‘ತೂ’ಗೆ ಸ ಎರಡು ಮಾತ್ರೆ, ‘ಗು’ಗೆ ರಿ ಒಂದು, ‘ತಾ’ಗೆ ಗ ಎರಡು, ‘ಯಿ’ಗೆ ರಿ ಒಂದು. ‘ಸಣ್ಣ ಜೋಲಿ’ಗೆ ಗ-ಪ, ಗ-ರಿ ಅದೇ ಅಳತೆಯಲ್ಲಿ. ‘ಹೊಳೆಯ’ ಎಂಬಲ್ಲಿ ಪ ಪ ಧ ಒಂದೊಂದು ಮಾತ್ರೆ, ‘ಗಾಳಿ’ಗೆ ಪ-ಗ, ‘ಬಂತು’ವಿಗೆ ರಿ-ಸ. ಪೇಟಿಯವರು ಆಧಾರದ ಸ್ವರ ಬದಲಿಸುವುದಾದರೆ ಒಂದರ ಮೇಲೆ ಬದಲಿಸಬೇಕು, ಬೇಕಾದರೆ ನಾಲ್ಕರ ಮೇಲೂ. ಮೂರು ಅಥವಾ ಐದರ ಮೇಲೆ ಬದಲಿಸಿದರೆ ಸಾಹಿತ್ಯ ಎಷ್ಟೇ ಸರಿಯಿದ್ದರೂ ಹಾಡು ಮೂರರ ನಡೆಗೆ ವಾಲುತ್ತದೆ. ಕೀಬೋರ್ಡಿನಲ್ಲಿ ವಾಲ್ಟ್ಜ್ ಗುಂಡಿ ಒತ್ತಿದಾಗ ಆಗುವ ಅನಾಹುತವೂ ಇದೇ ಬಗೆಯದು. ಅದು ಪ್ರತಿ ಆವರ್ತದ ತಲೆಗೆ ಒಂದು ಬೇಸ್, ಆಮೇಲೆ ಎರಡು ಹಗುರದ ಪೆಟ್ಟು ಎಂದು ಬಾರಿಸುತ್ತಾ ಹೋಗುತ್ತದೆ. ಹೋಗುವುದಕ್ಕೂ ಬರುವುದಕ್ಕೂ ವ್ಯತ್ಯಾಸ ಮಾಡುವುದಿಲ್ಲ, ಎರಡೂ ಒಂದೇ ಭಾರ.

ಹಾಡುವಾಗ ಕೆಡುವ ಇನ್ನೊಂದು ಬಗೆ ಇದೆ, ಅದು ಬರೆದವರ ಕೈಯಲ್ಲಿಲ್ಲ. ಗುರುವಿಗೆ ಎರಡು, ಲಘುವಿಗೆ ಒಂದು ಎಂಬ ಅಳತೆ ದಣಿದ ಬಾಯಲ್ಲಿ ಸಮಸಮ ಆಗತೊಡಗುತ್ತದೆ. ‘ತೂ-ಗು-ತಾ-ಯಿ’ ನಾಲ್ಕೂ ಒಂದೇ ಉದ್ದ. ಆಗ ತಬಲಾದವರ ಕೈ ಗೊತ್ತಿಲ್ಲದೆಯೇ ಕೆಹರವಾಕ್ಕೆ ಜಾರುತ್ತದೆ, ತೊಟ್ಟಿಲ ಹಾಡು ಮೆರವಣಿಗೆಯ ಹಾಡಾಗುತ್ತದೆ. ಇದಕ್ಕೆ ಉಲ್ಟಾ, ಕೆಲವರು ಉದ್ದವನ್ನು ಅತಿ ಉದ್ದ ಮಾಡಿ ಗಿಡ್ಡವನ್ನು ಕಚ್ಚಿಬಿಡುತ್ತಾರೆ, ಆಗ ಹಾಡು ಕುದುರೆ ಏರಿದಂತೆ ಕುಲುಕುತ್ತದೆ. ಕೋರಸ್‌ನಲ್ಲಿ ಒಬ್ಬರನ್ನು ಬರೀ ಮೂರನೆಯ ಮತ್ತು ಆರನೆಯ ಮಾತ್ರೆಯ ಅಕ್ಷರ ಕೇಳುತ್ತಾ ಕೂರಲು ಹೇಳಿದರೆ ಎರಡೂ ರೋಗ ಬೇಗ ಪತ್ತೆಯಾಗುತ್ತವೆ. ಆ ಅಕ್ಷರ ತಡವಾಗಿ ಬಂದು ಚಿಟಿಕೆಯಷ್ಟೇ ನಿಂತರೆ ಕುಲುಕಾಟ; ಬೇಗ ಬಂದು ತೂ-ವಿನಷ್ಟೇ ಉದ್ದ ನಿಂತರೆ ಕೆಹರವಾ ಹತ್ತಿರ ಬಂದಿದೆ ಎಂದು ತಿಳಿಯಿರಿ.

ಒಮ್ಮೆ ಕೈ ಕೂತ ಮೇಲೆ ನಿಯಮ ಮುರಿಯುವ ರುಚಿಯೂ ಇದೆ. ಇಡೀ ಹಾಡು ಮೂರು-ಮೂರರಲ್ಲಿ ತೂಗುತ್ತಿರುವಾಗ, ಕೊನೆಯ ಸಾಲಿನ ಹಿಂದೆ ಒಂದೇ ಒಂದು ಆವರ್ತವನ್ನು ಎರಡು-ಎರಡು-ಎರಡು ಮಾಡಿ, ತಬಲಾ ಮಾತ್ರ ದಾದರಾ ಬಿಡದೆ ನಡೆದರೆ, ಕೇಳುವವರು ಒಂದು ಕ್ಷಣ ತೇಲಿ ಮತ್ತೆ ಸಮ್‌ಗೆ ಬಂದು ಇಳಿಯುತ್ತಾರೆ. ಬರ್ನ್‌ಸ್ಟೈನ್ 1957ರ ‘ವೆಸ್ಟ್ ಸೈಡ್ ಸ್ಟೋರಿ’ಯ ‘ಅಮೆರಿಕ’ ಹಾಡಿನಲ್ಲಿ ಒಂದು ಆವರ್ತ ಮೂರು-ಮೂರು, ಮುಂದಿನದು ಎರಡು-ಎರಡು-ಎರಡು ಎಂದು ಇದನ್ನೇ ಹಾಡಿನ ತುಂಬ ಆಡಿದ್ದಾನೆ. ಶಿರಗುಪ್ಪಿಯವರಿಗೆ ಆ ಒಂದು ಆವರ್ತ ಊರಿನ ಹೆಸರಿನಲ್ಲೇ ಸಿದ್ಧವಾಗಿದೆ: ಶಿರ, ಗುಪ್, ಪಿಯ. ಆದರೆ ಒಂದೇ ಸಲ. ಎರಡು ಸಲ ಮಾಡಿದರೆ ಹಗ್ಗ ಹಿಡಿದವರು ತಪ್ಪುತ್ತಾರೆ.

ಈ ಸಲ ಹಬ್ಬಕ್ಕೆ ಬರೆಯುವವರು ಧಾಟಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಬರೆದದ್ದನ್ನು ರಾಗವಿಲ್ಲದೆ ಬರೀ ಮಾತಿನಲ್ಲಿ ಓದಿ, ಒಂದಕ್ಕೆ ಬಲಗಾಲು, ನಾಲ್ಕಕ್ಕೆ ಎಡಗಾಲು ಊರಿ. ಎಲ್ಲಿ ಕಾಲು ಊರುವಾಗ ಪದದ ಬಾಲ ಸಿಗುತ್ತದೆಯೋ, ಅಥವಾ ಗುರುವೊಂದು ಎರಡು ಕಾಲಿನ ನಡುವೆ ಅಡ್ಡ ಬಿದ್ದಿರುತ್ತದೆಯೋ, ಅಲ್ಲಿ ಪೆನ್ನು ಹಾಕಿ ಪದ ಬದಲಿಸಿ. ಪೇಟಿಯವರು, ತಬಲಾದವರು ಅದನ್ನು ಸರಿಮಾಡಲಾರರು, ಮುಚ್ಚಿಡಬಲ್ಲರು ಅಷ್ಟೇ.